ಮಳೆಗೆ ಮೊದಲೇ ಬೋರ್ಡೋ: ವೆಬಿನಾರ್ ಸ್ಲೈಡ್‌ಗಳಿಂದ ಮಾಡಿದ ವಿಡಿಯೋ ಸ್ಕ್ರಿಪ್ಟ್

ತಂಡಕ್ಕೆ

ಅಡಿಕೆಯ ಕೊಳೆರೋಗ ತಡೆಯಲು ಮೈಲುತುತ್ತ, ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣದ ಬಗ್ಗೆ ಅಡಿಕೆ ಬೆಳೆಗಾರರ ಸಂಘದ ವೆಬಿನಾರ್ 55 ನಿಮಿಷ ನಡೆದಿತ್ತು, ಸ್ಲೈಡ್ 26 ಇದ್ದವು. ಈ ವಿಡಿಯೋದಲ್ಲಿ ಏಳೇ ಸ್ಲೈಡ್, ಸುಮಾರು ಆರು ನಿಮಿಷ. ಸ್ವಾಗತ, ಪರಿಚಯ, ಧನ್ಯವಾದ ಎಲ್ಲ ತೆಗೆದಿದೆ. ನೋಡುವವರು ತೋಟದಲ್ಲಿ ಡ್ರಮ್ಮಿನ ಪಕ್ಕ ನಿಂತು ಫೋನಿನಲ್ಲಿ ನೋಡುತ್ತಾರೆ. ಆದ್ದರಿಂದ ತೆರೆಯ ಅಕ್ಷರ 40 ಪಾಯಿಂಟಿಗಿಂತ ಸಣ್ಣದಿರಬಾರದು, ಒಂದು ಸ್ಲೈಡಿಗೆ ಎರಡು ಸಾಲಿಗಿಂತ ಹೆಚ್ಚು ಬೇಡ.

ಓದುವವರು ಗಮನಿಸಿ: ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಬದಲಾಗುತ್ತಿರುವಾಗ ಧ್ವನಿ ದಾಖಲಾಗುವುದಿಲ್ಲ. ಹೊಸ ಸ್ಲೈಡ್ ಪೂರ್ತಿ ನಿಂತ ಮೇಲೆ ಒಂದು ಸೆಕೆಂಡ್ ಬಿಟ್ಟು ಮಾತು ಶುರು ಮಾಡಿ. ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ.

ಸ್ಲೈಡ್ 1 · 20 ಸೆಕೆಂಡ್

ತೆರೆ: ಕೊಳೆ ಹಿಡಿದ ಗೊನೆಯ ಹತ್ತಿರದ ಚಿತ್ರ. ಅಕ್ಷರ: "ಮಳೆಗೆ ಮೊದಲೇ ಬೋರ್ಡೋ".
ಟ್ರಾನ್ಸಿಷನ್: ಇಲ್ಲ. ನೇರ ಚಿತ್ರದಿಂದಲೇ ಶುರು.

ಮಾತು: "ಬೋರ್ಡೋ ದ್ರಾವಣ ಆಗಲೇ ಕೊಳೆತ ಕಾಯಿಯನ್ನು ಉಳಿಸುವುದಿಲ್ಲ. ಚೆನ್ನಾಗಿರುವ ಕಾಯಿಯ ಮೇಲೆ ತೆಳುವಾಗಿ ಅಂಟಿಕೊಂಡು ರೋಗ ಒಳಗೆ ಹೋಗದಂತೆ ತಡೆಯುತ್ತದೆ. ಅದಕ್ಕೇ ಮುಂಗಾರು ಶುರುವಾಗುವ ಮೊದಲೇ ಹೊಡೆಯಬೇಕು."

ಸ್ಲೈಡ್ 2 · 50 ಸೆಕೆಂಡ್

ತೆರೆ: ಮೂರು ಚಿತ್ರ, ಒಂದಾದ ಮೇಲೊಂದು: ತೊಟ್ಟಿನ ಬಳಿ ಮಚ್ಚೆ, ಹೊಳಪು ಹೋದ ಕಾಯಿ, ನೆಲದಲ್ಲಿ ಬಿಳಿ ಬೂಷ್ಟು ಹಿಡಿದ ಕಾಯಿ.
ಟ್ರಾನ್ಸಿಷನ್: ಫೇಡ್, 0.7 ಸೆಕೆಂಡ್.

ಮಾತು: "ಕೊಳೆರೋಗ ತರುವುದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲೇ ವಿವರವಾಗಿ ಬರೆದಿದ್ದರು. ಈ ಜೀವಿಯ ಕಣಗಳು ನೀರಿನಲ್ಲಿ ಈಜುತ್ತವೆ. ಮಳೆಹನಿ ಸಿಡಿದಂತೆಲ್ಲ ಒಂದು ಕಾಯಿಯಿಂದ ಇನ್ನೊಂದಕ್ಕೆ, ಒಂದು ಗೊನೆಯಿಂದ ಇನ್ನೊಂದಕ್ಕೆ ಹೋಗುತ್ತವೆ. [ಕ್ಲಿಕ್] ಮೊದಲು ತೊಟ್ಟಿನ ಹತ್ತಿರ ನೀರಲ್ಲಿ ನೆನೆದಂಥ ಕಡುಹಸಿರು ಮಚ್ಚೆ ಕಾಣುತ್ತದೆ. [ಕ್ಲಿಕ್] ಆಮೇಲೆ ಕಾಯಿಯ ಹೊಳಪು ಹೋಗುತ್ತದೆ. [ಕ್ಲಿಕ್] ಕಾಯಿ ಉದುರಿ, ಅದರ ಮೇಲೆ ಬಿಳಿ ಬೂಷ್ಟು ಬೆಳೆಯುತ್ತದೆ. ಬಿದ್ದ ಕಾಯಿಯನ್ನು ಮರದ ಬುಡದಲ್ಲಿ ಬಿಟ್ಟರೆ ರೋಗ ತೋಟದಲ್ಲೇ ಉಳಿಯುತ್ತದೆ. ಹೆಕ್ಕಿ ಹೊರಗೆ ಸಾಗಿಸಿ ನಾಶಮಾಡಿ."

ಟಿಪ್ಪಣಿ: ಮೂಲದಲ್ಲಿ ಈ ಮೂರೂ ಚಿತ್ರ ಒಟ್ಟಿಗೇ ಇದ್ದವು, ಕೇಳುವವರು ಮುಂದಿನದನ್ನು ನೋಡುತ್ತ ಮಾತು ತಪ್ಪಿಸಿಕೊಂಡರು. ಕ್ಲಿಕ್ ಆದ ಮೇಲೇ ಆ ವಾಕ್ಯ ಹೇಳಿ.

ಸ್ಲೈಡ್ 3 · 45 ಸೆಕೆಂಡ್

ತೆರೆ: ಎಡಕ್ಕೆ ನೀಲಿ ಬಕೆಟ್, ಬಲಕ್ಕೆ ಬಿಳಿ ಬಕೆಟ್. ಅಕ್ಷರ: "ಮೈಲುತುತ್ತ 1 ಕಿಲೋ + 50 ಲೀಟರ್", "ಸುಣ್ಣ 1 ಕಿಲೋ + 50 ಲೀಟರ್".
ಟ್ರಾನ್ಸಿಷನ್: ಫೇಡ್.

ಮಾತು: "ಶೇಕಡಾ ಒಂದರ ದ್ರಾವಣ, ನೂರು ಲೀಟರಿನ ಲೆಕ್ಕ ಹೇಳುತ್ತೇವೆ. ಮೈಲುತುತ್ತ ಒಂದು ಕಿಲೋ, ಐವತ್ತು ಲೀಟರ್ ನೀರಿಗೆ. ಸುಟ್ಟ ಸುಣ್ಣ ಒಂದು ಕಿಲೋ, ಇನ್ನೊಂದು ಐವತ್ತು ಲೀಟರಿಗೆ. ಎರಡಕ್ಕೂ ಪ್ಲಾಸ್ಟಿಕ್ ಪಾತ್ರೆ ಇರಲಿ. ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತ ಹಾಕಿದರೆ ಅದರ ತಾಮ್ರ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ದ್ರಾವಣದ ಬಲ ಕಡಿಮೆಯಾಗುತ್ತದೆ, ಪಾತ್ರೆಯೂ ತೂತು ಬೀಳುತ್ತದೆ. ಇನ್ನೂರು ಲೀಟರ್ ಬೇಕಿದ್ದರೆ ಎಲ್ಲವನ್ನೂ ಎರಡರಷ್ಟು ಮಾಡಿ."

ಸ್ಲೈಡ್ 4 · 95 ಸೆಕೆಂಡ್

ತೆರೆ: ಅದೇ ಎರಡು ಬಕೆಟ್ ಮೇಲಕ್ಕೆ ಸರಿದು, ಬಿಳಿಯ ಬಕೆಟ್ ದೊಡ್ಡ ಡ್ರಮ್ ಆಗುತ್ತದೆ. ನೀಲಿ ನೀರು ಅದರೊಳಗೆ ಸುರಿಯುತ್ತದೆ.
ಟ್ರಾನ್ಸಿಷನ್: ಮಾರ್ಫ್, 2 ಸೆಕೆಂಡ್.

ಟಿಪ್ಪಣಿ: ಬಕೆಟ್ ಚಿತ್ರ, ಡ್ರಮ್ ಚಿತ್ರ ಬೇರೆ ಬೇರೆ. ಅವು ಒಂದರಿಂದೊಂದಾಗಿ ಬದಲಾಗಬೇಕಿದ್ದರೆ Selection Pane ತೆರೆದು, ಸ್ಲೈಡ್ 3ರಲ್ಲೂ 4ರಲ್ಲೂ ಒಂದೇ ಹೆಸರು ಕೊಡಿ:

```
!!sunna
!!tutta
```

ಹೆಸರು ಹೊಂದದಿದ್ದರೆ ಬರೀ ಫೇಡ್ ಆಗುತ್ತದೆ. ಯಾವುದು ಯಾವುದಕ್ಕೆ ಸುರಿಯಬೇಕು ಎಂಬ ಮುಖ್ಯ ಸಂಗತಿ ಕಣ್ಣಿಗೆ ಬೀಳುವುದಿಲ್ಲ.

ಮಾತು: "ಮೈಲುತುತ್ತವನ್ನು ಪುಡಿ ಮಾಡಿ ಗೋಣಿಬಟ್ಟೆಯಲ್ಲಿ ಕಟ್ಟಿ, ಹಿಂದಿನ ರಾತ್ರಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡಿ. ಕರಗಿದ ನೀರು ಭಾರ, ಅದು ತಳಕ್ಕೆ ಇಳಿಯುತ್ತ ಹೊಸ ನೀರು ಮೇಲೆ ಬರುತ್ತದೆ. ತಳಕ್ಕೆ ಸುರಿದುಬಿಟ್ಟರೆ ಹರಳು ಬೆಳಗಾದರೂ ಹಾಗೇ ಕೂತಿರುತ್ತದೆ. [ನಿಲ್ಲಿ] ಸುಟ್ಟ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ. ಅದು ಕಾದು ಕುದಿಯುತ್ತದೆ; ಮುಖ ದೂರವಿರಲಿ, ಕಣ್ಣಿಗೆ ಕನ್ನಡಕ ಇರಲಿ. ಅರಳಿ ಆರಿದ ಮೇಲೆ ಉಳಿದ ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ಹಾಕಿ. ಹರಳು ಉಳಿದರೆ ನಾಝಲ್ ಕಟ್ಟಿಕೊಳ್ಳುತ್ತದೆ. [ನಿಲ್ಲಿ] ಈಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ, ಕೋಲಿನಿಂದ ಕಲಕುತ್ತಾ, ನಿಧಾನವಾಗಿ ಸುರಿಯಿರಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬೇಡಿ. ಹಾಗೆ ಮಾಡಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ಕಾಯಿಗೆ ಅಂಟುವುದಿಲ್ಲ. ಸರಿಯಾದ ದ್ರಾವಣ ತಿಳಿ ಆಕಾಶನೀಲಿ."

ಸ್ಲೈಡ್ 5 · 60 ಸೆಕೆಂಡ್

ತೆರೆ: ವಿಡಿಯೋ ತುಣುಕು. ಉಜ್ಜಿ ಹೊಳಪು ತಂದ ಕಬ್ಬಿಣದ ಕತ್ತಿ ದ್ರಾವಣದಲ್ಲಿ.
ಟ್ರಾನ್ಸಿಷನ್: ಇಲ್ಲ, ಕಟ್. ಅಲಂಕಾರ ಇಲ್ಲಿ ಬೇಡವೇ ಬೇಡ.

ಮಾತು: "ಕಲಸಿದ ಮೇಲೆ ಹೊಳೆಯುವ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. [ತುಣುಕು 8 ಸೆಕೆಂಡ್, ಮೌನ] ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ, ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದು ಅರ್ಥ. ಅದನ್ನೇ ಹೊಡೆದರೆ ಎಳೆ ಕಾಯಿ, ಸೋಗೆ ಸುಟ್ಟುಹೋಗುತ್ತದೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಕಲಕಿ, ಕತ್ತಿಯನ್ನು ಉಜ್ಜಿ ಮತ್ತೆ ಅದ್ದಿ. ಕೆಂಪು ಬಾರದಷ್ಟಾದರೆ ಸಾಕು. ಅತಿಯಾಗಿ ಸುಣ್ಣ ಸುರಿದರೆ ದ್ರಾವಣದ ಕಾರ್ಯ ಮಂದವಾಗುತ್ತದೆ."

ಟಿಪ್ಪಣಿ: ಅಳತೆ ಸರಿಯಿದ್ದೂ ಕೆಂಪು ಬಂದರೆ ಸುಣ್ಣ ಹಳೆಯದಿರಬಹುದು. ಗಾಳಿಗೆ ತೆರೆದಿಟ್ಟ ಸುಣ್ಣ ಕಾರ್ಬೊನೇಟ್ ಆಗಿ ಬಲ ಕಳೆದುಕೊಳ್ಳುತ್ತದೆ. ಈ ಮಾತು ವೆಬಿನಾರ್ ಕೊನೆಯ ಪ್ರಶ್ನೋತ್ತರದಲ್ಲಿ ಬಂತು. ಸ್ಲೈಡಿನಲ್ಲಿ ಇರಲೇ ಇಲ್ಲ. "ಗಟ್ಟಿ ಸುಣ್ಣ ಮಾತ್ರ" ಎಂಬ ಸಾಲನ್ನು ತುಣುಕಿನ ಮೇಲೆ 5 ಸೆಕೆಂಡ್ ತೋರಿಸಿ.

ಸ್ಲೈಡ್ 6 · 50 ಸೆಕೆಂಡ್

ತೆರೆ: ಮೇ ಕೊನೆಯಿಂದ ಆಗಸ್ಟ್‌ವರೆಗಿನ ಒಂದು ಗೆರೆ, ಅದರ ಮೇಲೆ ಎರಡು ನೀಲಿ ಚುಕ್ಕೆ.
ಟ್ರಾನ್ಸಿಷನ್: ವೈಪ್, ಎಡದಿಂದ ಬಲಕ್ಕೆ, 1 ಸೆಕೆಂಡ್.

ಮಾತು: "ಮೊದಲ ಹೊಡೆತ ಮುಂಗಾರಿಗೆ ಮೊದಲು. ಎರಡನೆಯದು ನಲವತ್ತರಿಂದ ನಲವತ್ತೈದು ದಿನಕ್ಕೆ, ಮಳೆ ಬಿಡುವು ಕೊಟ್ಟಾಗ. ಮಳೆ ಮುಂದುವರಿದರೆ ಮೂರನೆಯದೂ ಬೇಕಾಗುತ್ತದೆ. ಗೊನೆಯ ಎಲ್ಲ ಬದಿ, ಒಳಗಿನ ಕಾಯಿ ಕೂಡ ತೋಯಬೇಕು. ಹೊರಮೈ ಮಾತ್ರ ನೀಲಿಯಾದರೆ ರೋಗ ಒಳಗಿಂದ ಶುರುವಾಗುತ್ತದೆ. ಹೊಡೆದದ್ದು ಒಣಗಲು ಸಮಯ ಬೇಕು, ಮೋಡ ನೋಡಿಕೊಂಡು ಹೊರಡಿ. ಕಲಸಿದ ದಿನವೇ ಮುಗಿಸಿ. ಮರುದಿನಕ್ಕೆ ಇಟ್ಟರೆ ಕಣಗಳು ಗಟ್ಟಿಯಾಗಿ ಅಂಟುಗುಣ ಹೋಗಿರುತ್ತದೆ."

ಸ್ಲೈಡ್ 7 · 25 ಸೆಕೆಂಡ್

ತೆರೆ: ಪಟ್ಟಿ ಬೇಡ. ತೊಳೆದ ಸ್ಪ್ರೇಯರ್, ಕೈಗವಸು, ಕನ್ನಡಕದ ಚಿತ್ರ.
ಟ್ರಾನ್ಸಿಷನ್: ಫೇಡ್.

ಮಾತು: "ಕೆಲಸ ಮುಗಿದ ಕೂಡಲೇ ಪಂಪು, ಪೈಪು, ನಾಝಲ್‌ಗಳನ್ನು ಎರಡು ಸಲ ಶುದ್ಧ ನೀರಿನಲ್ಲಿ ತೊಳೆಯಿರಿ. ಒಳಗೆ ಉಳಿದ ದ್ರಾವಣ ಲೋಹವನ್ನು ತಿನ್ನುತ್ತದೆ. ತೊಳೆದ ನೀರು ಬಾವಿಗೂ ಹಳ್ಳಕ್ಕೂ ಸೇರದಂತೆ ನೋಡಿಕೊಳ್ಳಿ; ತಾಮ್ರ ಮೀನಿಗೆ ವಿಷ."

ಟಿಪ್ಪಣಿ: ಮಾತು ಮುಗಿದ ಮೇಲೆ ಚಿತ್ರ 3 ಸೆಕೆಂಡ್ ನಿಲ್ಲಲಿ. ರಫ್ತು: ಫುಲ್ ಎಚ್‌ಡಿ, ದಾಖಲಿಸಿದ ಸಮಯ ಮತ್ತು ಧ್ವನಿ ಬಳಸುವ ಆಯ್ಕೆ ಹಾಕಿ. ಆ ಆಯ್ಕೆ ಬಿಟ್ಟರೆ ಪ್ರತಿ ಸ್ಲೈಡ್ ಐದೇ ಸೆಕೆಂಡಿಗೆ ಓಡಿಹೋಗುತ್ತದೆ, ಧ್ವನಿಯೂ ಇರುವುದಿಲ್ಲ.