ಚೌಕಿಯ ಆ ಫೋಟೋ ಹಾಕಲಾ ಮಾರಾಯ?

ಸತೀಶಾ, ಪುರುಸೊತ್ತಿದ್ದಾಗ ಓದು. ಸ್ವಲ್ಪ ಉದ್ದ ಆಯ್ತು. ಕೇಳದೆ ಹಾಕಿ ಆಮೇಲೆ ನಿನ್ನಿಂದ ಬೈಸಿಕೊಳ್ಳುವುದಕ್ಕಿಂತ ಇದೇ ವಾಸಿ.

ಶನಿವಾರ ಯಕ್ಷಗಾನದ ರಾತ್ರಿ ಚೌಕಿಯಲ್ಲಿ ನಿನ್ನ ಒಂದು ಫೋಟೋ ತೆಗೆದಿದ್ದೆ. ನಿನಗೆ ಗೊತ್ತೇ ಆಗಿರಲಿಕ್ಕಿಲ್ಲ, ನೀನು ಕನ್ನಡಿ ಹಿಡಿದು ಚುಟ್ಟಿ ಇಡುವುದರಲ್ಲೇ ಮುಳುಗಿದ್ದೆ. ಬಲಗೆನ್ನೆಯ ಸಾಲು ಪೂರ್ತಿ ಮುಗಿದಿದೆ. ಎಡಗಡೆ ಬರೀ ಬಣ್ಣ, ಒಂದು ಚುಕ್ಕಿಯೂ ಬಿದ್ದಿಲ್ಲ. ಅರ್ಧ ಮುಖ ಮಹಿಷಾಸುರ, ಇನ್ನರ್ಧ ಸೊಸೈಟಿಯಲ್ಲಿ ಕೂತು ಪಾಸ್‌ಬುಕ್ ಎಂಟ್ರಿ ಮಾಡಿಕೊಡುವ ನಮ್ಮ ಸತೀಶ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಗೆರಟೆ ಮೊಣಕಾಲಿನ ಹತ್ತಿರ ಇದೆ, ಕಡ್ಡಿಯ ತುದಿಯಲ್ಲಿ ಒಂದು ಹನಿ ಇನ್ನೇನು ಬೀಳಬೇಕು ಅನ್ನುವ ಹಾಗೆ ನಿಂತಿದೆ. ದೊಂದಿ ಹಿಡಿದು ರಾಳ ಹಾರಿಸಿ ಬರುವ ಪ್ರವೇಶದ ಫೋಟೋ ಊರಿನಲ್ಲಿ ಎಲ್ಲರ ಮೊಬೈಲಿನಲ್ಲೂ ಇರುತ್ತದೆ, ಆದರೆ ಅದಕ್ಕೆ ಮೊದಲು ಗಂಟೆಗಟ್ಟಲೆ ಕೂತು ಚುಕ್ಕಿ ಚುಕ್ಕಿ ಇಡುವುದನ್ನು ಯಾರು ನೋಡುತ್ತಾರೆ ಹೇಳು.

ಇದನ್ನು ನನ್ನ ಇನ್‌ಸ್ಟಾಗ್ರಾಂನಲ್ಲಿ ಹಾಕಬೇಕು ಅಂತ ಆಸೆ. ಭಾನುವಾರ ಸಂಜೆ. ಹಾಕಲಾ?

ಹಾಕುವ ಮೊದಲು ಸ್ವಲ್ಪ ತಿದ್ದುವುದಿದೆ, ಅದನ್ನೂ ಹೇಳಿಬಿಡುತ್ತೇನೆ. ಬಲಗಡೆ ಬೀಡಿ ಸೇದುತ್ತಾ ಕೂತಿರುವ ಹಿರಿಯರನ್ನು ಕತ್ತರಿಸುತ್ತೇನೆ, ಪಾಪ ಅವರಿಗೆ ಯಾಕೆ. ಹಿಂದೆ ಮಲಯಾಳದ ಫ್ಲೆಕ್ಸ್‌ನಲ್ಲಿ ಯಾರದೋ ಫೋನ್ ನಂಬರ್ ದೊಡ್ಡದಾಗಿ ಕಾಣುತ್ತದೆ, ಅದನ್ನು ಮಸುಕು ಮಾಡುತ್ತೇನೆ. ಕೆಳಗಿನ ಮೂಲೆಯಲ್ಲಿ ಕಿರೀಟ ಮುಟ್ಟಲು ಕೈಚಾಚಿದ ಒಬ್ಬ ಹುಡುಗ ಇದ್ದಾನೆ. ಅವನಿದ್ದರೆ ಫೋಟೋಕ್ಕೆ ಚಂದವೇ, ಆದರೆ ಅವನ ಮನೆಯವರು ಯಾರು ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ಹೇಳು, ಕೇಳುತ್ತೇನೆ. ಇಲ್ಲದಿದ್ದರೆ ಅವನೂ ಹೊರಗೆ. ಟ್ಯೂಬ್‌ಲೈಟಿಗೆ ಮುಖದ ಕೆಂಪೆಲ್ಲ ಒಂಥರಾ ಹಸಿರು ಹೊಡೆದಿದೆ, ಅದನ್ನು ಸರಿ ಮಾಡುತ್ತೇನೆ, ಅಷ್ಟೇ. ಮುಖ ನುಣುಪು ಮಾಡುವ ಫಿಲ್ಟರ್ ಹಾಕುವುದಿಲ್ಲ. ಚುಟ್ಟಿಯನ್ನೇ ನುಣುಪು ಮಾಡಿದರೆ ಉಳಿಯುವುದೇನು? ಹೊಟ್ಟೆಯನ್ನೂ ಮುಟ್ಟುವುದಿಲ್ಲ. ನೀನು ಬನಿಯನ್‌ನಲ್ಲಿದ್ದೀಯಾ, ಅದು ಬೇಡ ಅಂತ ಇದ್ದರೆ ಎದೆಯಿಂದ ಮೇಲಕ್ಕೆ ಮಾತ್ರ ಇಡಬಹುದು, ಆದರೆ ಆಗ ಗೆರಟೆ ಹೋಗುತ್ತದೆ. ನನಗೆ ಗೆರಟೆ ಬೇಕಿತ್ತು. ನೀನೇ ನೋಡಿ ಹೇಳು.

ಕೆಳಗೆ ಹೀಗೆ ಬರೆಯೋಣ ಅಂತ: "ಬಲಗೆನ್ನೆ ಮಹಿಷಾಸುರನದ್ದು. ಎಡಗೆನ್ನೆ ಇನ್ನೂ ನಮ್ಮ ಗೆಳೆಯನದ್ದೇ. ಕುಂಬಳೆ ಸೀಮೆಯ ಒಂದು ಚೌಕಿಯಿಂದ." ಪಾರ್ತಿಸುಬ್ಬನ ಊರು ಅಂತ ಒಂದು ಮಾತು ಸೇರಿಸುವ ಮನಸ್ಸಿತ್ತು, ಜಾಸ್ತಿ ಆಯ್ತು ಅನಿಸಿ ಬಿಟ್ಟೆ. ನಿನ್ನ ಹೆಸರು ಹಾಕಬೇಕಾ, ಟ್ಯಾಗ್ ಮಾಡಬೇಕಾ, ಎರಡೂ ಬೇಡವಾ? ಆಫೀಸಿನವರು ನೋಡುತ್ತಾರೆ ಅಂತ ನೀನು ಹೋದ ಸಲ ಒಂದು ಮಾತು ಹೇಳಿದ್ದು ನೆನಪಿದೆ, ಅದಕ್ಕೇ ಕೇಳುತ್ತಿರುವುದು. ತಂಡದ ಪೇಜಿನವರು ಕೇಳಿದರೂ ನಿನ್ನನ್ನು ಕೇಳದೆ ಕೊಡುವುದಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ನನ್ನ ತಂಗಿಯ ಮದುವೆಯಲ್ಲಿ ಬೆವರು ಸುರಿಸಿಕೊಂಡು ಸಾಂಬಾರು ಬಡಿಸುತ್ತಿದ್ದ ನನ್ನ ಫೋಟೋವನ್ನು ಯಾರೋ ಕತ್ತರಿಸಿ, ಮೇಲೆ ಏನೋ ತಮಾಷೆ ಬರೆದು ಬಿಟ್ಟಿದ್ದರಲ್ವಾ. ಅವರಿಗೆ ಒಂದು ದಿನದ ನಗು. ನನಗೆ ಎರಡು ವರ್ಷ ಆದರೂ ಜಂಬ್ರಕ್ಕೆ ಹೋದಲ್ಲೆಲ್ಲ "ಸಾಂಬಾರು ಬಂತು" ಅಂತ ಕೇಳಬೇಕಾಗುತ್ತದೆ.

ತಿದ್ದಿದ್ದು, ತಿದ್ದದೇ ಇರುವುದು ಎರಡನ್ನೂ ಇದರ ಕೆಳಗೆ ಕಳಿಸಿದ್ದೇನೆ, ಡಾಕ್ಯುಮೆಂಟ್ ಮಾಡಿ. ಸುಮ್ನೆ ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಚುಟ್ಟಿಯೆಲ್ಲ ಗಂಜಿ ಮಾಡಿಬಿಡುತ್ತದೆ. ದೊಡ್ಡದು ಮಾಡಿ ನೋಡು. ಅಕ್ಕನಿಗೂ ತೋರಿಸು, ನಿನಗಿಂತ ಅವರ ಕಣ್ಣು ಚುರುಕು.

ಬೇಡ ಅಂದರೆ ಬೇಡ, ಕಾರಣ ಕೇಳುವುದಿಲ್ಲ. ಈಗ ಹೂಂ ಅಂದು ಹಾಕಿದ ಮೇಲೆ ಸರಿ ಕಾಣಲಿಲ್ಲ ಅಂದರೂ ಹೇಳು, ತೆಗೆಯುತ್ತೇನೆ. ಅಷ್ಟರಲ್ಲಿ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದು ಮಾತ್ರ ನನ್ನ ಕೈಯಲ್ಲಿಲ್ಲ, ಇದನ್ನೂ ಯೋಚಿಸಿಯೇ ಹೇಳು. ಶನಿವಾರ ರಾತ್ರಿವರೆಗೆ ಏನೂ ಉತ್ತರ ಬಾರದಿದ್ದರೆ ಬೇಡ ಅಂತಲೇ ಲೆಕ್ಕ, ನೀಲಿ ಗೆರೆ ಬಿದ್ದದ್ದನ್ನು ಒಪ್ಪಿಗೆ ಅಂತ ತಿಳಿಯುವುದಿಲ್ಲ.

ಮತ್ತೆ, ಬಣ್ಣ ಒರೆಸಲು ತೆಗೆದುಕೊಂಡ ಬೈರಾಸು ನನ್ನದು. ಒಗೆದೇ ಕೊಡು.

— ಗಣೇಶ