ಡಬ್ಬಿಯ ಜೊತೆ ಇಟ್ಟ ಪತ್ರ

ಡೊಂಬಿವಲಿ
ಶುಕ್ರವಾರ ಬೆಳಿಗ್ಗೆ

ವೀಣಾ, ಮಂಜು,

ಬೆಲ್ ಮಾಡದೆ ಡಬ್ಬಿಯ ಚೀಲವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗುತ್ತಿದ್ದೇನೆ. ಮಲಗಿದ್ದರೆ ಎಬ್ಬಿಸುವುದು ಬೇಡ ಅಂತ. ಎಚ್ಚರವಿದ್ದರೂ, ಎದ್ದು ಮುಖ ಒರೆಸಿಕೊಂಡು "ಬನ್ನಿ ಅಕ್ಕ" ಅನ್ನುವ ಕೆಲಸ ಈಗ ನಿಮಗೆ ಬೇಡ ಅಂತ.

ನಿಮ್ಮ ಮಗು ಹೋಯಿತು. ನನಗೆ ತುಂಬಾ ದುಃಖವಾಗಿದೆ. ಮಂಗಳವಾರ ರಾತ್ರಿ ಆಟೋದಲ್ಲಿ ಈ ಮಾತು ಹೇಳಲಿಲ್ಲ, ಆಸ್ಪತ್ರೆಯಲ್ಲೂ ಹೇಳಲಿಲ್ಲ. ಅಲ್ಲಿ ನಾನು ಛತ್ರಿ, ಫೈಲು, ಆಧಾರ್ ಕಾರ್ಡು ಅಂತ ಓಡಾಡಿದ್ದೇ ಆಯಿತು. ಹೇಳಬೇಕಾದ ಮಾತು ಬಾಯಲ್ಲೇ ಉಳಿಯಿತು.

ಮಗು ಅಂತ ಬರೆದದ್ದು ಸುಮ್ನೆ ಅಲ್ಲ. ಅಲ್ಲಿಯ ಕಾಗದದಲ್ಲಿ ಬೇರೆ ಏನೋ ಹೆಸರಿದೆ. ಆದರೆ ಒಂದು ದಿನ ಮಂಜು ರೇಷನ್ ಚೀಲ ಹಿಡಿದುಕೊಂಡು ಮೆಟ್ಟಿಲಲ್ಲಿ ಸಿಕ್ಕಿದವನು, ಅತ್ತಿತ್ತ ನೋಡಿ, ಪ್ಲಾಸ್ಟಿಕ್ ಕೊಟ್ಟೆಯೊಳಗಿನ ಕಡಲೆಕಾಳು ತೋರಿಸಿ ಮೆಲ್ಲಗೆ ಹೇಳಿದ, "ಅಕ್ಕ, ಈ ವಾರ ಇಷ್ಟು." ಅದರ ಹಿಂದಿನ ವಾರ ತೊಗರಿಬೇಳೆಯಷ್ಟಿತ್ತಂತೆ, ಅದಕ್ಕೂ ಹಿಂದೆ ಎಳ್ಳಿನಷ್ಟು. ಆಮೇಲೆ ಮೊಬೈಲಿನಲ್ಲಿ ಸೋನೋಗ್ರಫಿಯ ಫೋಟೋ ತೋರಿಸಿದ. ನನಗೆ ಕನ್ನಡಕ ಇಲ್ಲದೆ ಏನೂ ಕಾಣಲಿಲ್ಲ. ಕಂಡಿತು ಅಂದೆ. ಮಾರನೇ ದಿನ ಕನ್ನಡಕ ಹಾಕಿಕೊಂಡು ಬಂದು ಮತ್ತೊಮ್ಮೆ ತೋರಿಸು ಅಂದೆ, ನೆನಪಿದೆಯಾ ಮಂಜು? ಕಪ್ಪು ಜಾಗದಲ್ಲಿ ಬಿಳಿ ಚುಕ್ಕೆ. ನಾನು ನೋಡಿದ್ದೇನೆ.

ಇದನ್ನೇ ಹೇಳಬೇಕಿತ್ತು. ಯಾರಾದರೂ ತೀರಿಕೊಂಡರೆ ನಮ್ಮಲ್ಲಿ ಜನ ಬರುತ್ತಾರೆ. ಸುಮ್ಮನೆ ಕೂತು ಎದ್ದು ಹೋದರೂ, ಬಂದು ಹೋಗುತ್ತಾರೆ. ಪಕ್ಕದ ಮನೆಯವರು ಒಲೆ ಹಚ್ಚಲು ಬಿಡುವುದಿಲ್ಲ. ನಿಮ್ಮ ಮನೆಗೆ ಯಾರೂ ಬರುವುದಿಲ್ಲ. ಹೋದದ್ದು ಸಣ್ಣದು ಅಂತ ಅಲ್ಲ, ಯಾರಿಗೂ ಗೊತ್ತಿಲ್ಲ ಅಂತ. ಮೂರು ತಿಂಗಳು ತುಂಬುವ ತನಕ ಹೇಳಬಾರದು ಅಂತ ನೀವು ಬಾಯಿ ಬಿಗಿಹಿಡಿದಿರಿ. ಸಂತೋಷವನ್ನು ಇಬ್ಬರೇ ಇಟ್ಟುಕೊಂಡಿದ್ದಿರಿ, ಈಗ ಇದನ್ನೂ ಇಬ್ಬರೇ ಹೊರಬೇಕಾಗಿದೆ. ನನಗೆ ಗೊತ್ತಿತ್ತಲ್ಲ, ಅದಕ್ಕೆ ನಾನು ಬಂದಿದ್ದೇನೆ ಅಂತ ಇಟ್ಟುಕೊಳ್ಳಿ.

ನನಗೆ ಗೊತ್ತಾದದ್ದೂ ನೀವು ಹೇಳಿ ಅಲ್ಲ. ನಮ್ಮ ಮನೆಯ ಒಗ್ಗರಣೆ ವಾಸನೆಗೆ ವೀಣಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಏನೂ ಕೇಳದೆ ಸಿರ್ಸಿಯಿಂದ ಬಂದ ಅಪ್ಪೆಮಿಡಿಯ ಸಣ್ಣ ಬಾಟಲಿ ತಂದು ಕೈಗಿಟ್ಟೆ. ಅವಳೂ ಏನೂ ಹೇಳದೆ ಅಲ್ಲೇ ಒಂದು ಮಿಡಿ ಬಾಯಿಗೆ ಹಾಕಿಕೊಂಡು ನಕ್ಕಳು. ಆ ಬಾಟಲಿ ಈಗ ನಿಮ್ಮ ಫ್ರಿಜ್‌ನಲ್ಲೇ ಇರಬೇಕು. ಕಣ್ಣಿಗೆ ಬಿದ್ದಾಗ ಸಂಕಟ ಆದರೆ ವಾಪಸ್ ಕೊಟ್ಟುಬಿಡಿ. ಇಟ್ಟುಕೊಳ್ಳಬೇಕು ಅನಿಸಿದರೆ ಇಟ್ಟುಕೊಳ್ಳಿ.

ವೀಣಾ, ಇದು ನಿನಗೆ. ಆಸ್ಪತ್ರೆಯಲ್ಲಿ ನೀನು ಮೂರು ಸಲ ಒಂದೇ ಪ್ರಶ್ನೆ ಕೇಳಿದೆ. ಹಿಂದಿನ ಗುರುವಾರ ಫಾಸ್ಟ್ ಲೋಕಲ್ ಹಿಡಿಯಲು ಓಡಿದ್ದಕ್ಕೆ ಹೀಗಾಯಿತಾ, ಲೇಡೀಸ್ ಡಬ್ಬಿಯಲ್ಲಿ ಯಾರದೋ ಮೊಣಕೈ ತಗುಲಿದ್ದಕ್ಕಾ, ಆಫೀಸಿನಲ್ಲಿ ತಿಂದ ಎರಡು ಹೋಳು ಪಪ್ಪಾಯಿಗಾ ಅಂತ. ಡಾಕ್ಟರಮ್ಮ ಮೂರು ಸಲವೂ ಉತ್ತರ ಕೊಟ್ಟರು. ಅದು ನಿನ್ನ ಕಿವಿಗೆ ಹೋಗಿರಲಿಕ್ಕಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಅದಕ್ಕೆ ಇಲ್ಲಿ ಬರೆದಿಡುತ್ತೇನೆ.

ಇಷ್ಟು ಬೇಗ ಹೋಗುವ ಗರ್ಭಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ರೋಮೋಸೋಮ್ ಲೆಕ್ಕ ತಪ್ಪಿದ್ದರಿಂದ ಹೋಗುತ್ತವೆ ಅಂದರು. ಆ ಲೆಕ್ಕ ಹೆಚ್ಚಾಗಿ ಮೊದಲ ದಿನವೇ ತಪ್ಪಿರುತ್ತದೆ, ನಿನಗೆ ಗೊತ್ತಾಗುವುದಕ್ಕೂ ಮುಂಚೆ. ಓಡಿದ್ದರಿಂದ ಅಲ್ಲ. ರೈಲಿನ ನೂಕುನುಗ್ಗಲಿನಿಂದ ಅಲ್ಲ. ಆ ಎರಡು ಹೋಳು ಪಪ್ಪಾಯಿಯಿಂದಲೂ ಅಲ್ಲ. ಮನೆಯಲ್ಲೇ ಮಲಗಿದ್ದರೂ ತಡೆಯಲು ಆಗುತ್ತಿರಲಿಲ್ಲ ಅಂದರು. ಟೆಸ್ಟಿನಲ್ಲಿ ಗೊತ್ತಾದ ನೂರು ಬಸಿರಿನಲ್ಲಿ ಹತ್ತರಿಂದ ಇಪ್ಪತ್ತು ಹೀಗೆ ಹೋಗುತ್ತವಂತೆ. ಆ ಲೆಕ್ಕ ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ. ಆದರೆ ನಮ್ಮ ಲೇಡೀಸ್ ಡಬ್ಬಿಯಲ್ಲಿ ದಿನಾ ಕಂಬಿ ಹಿಡಿದು ನಿಲ್ಲುವವರಲ್ಲಿ ಎಷ್ಟು ಜನ ಇದನ್ನು ಯಾರಿಗೂ ಹೇಳದೆ ಆಫೀಸಿಗೆ ಹೋಗಿದ್ದಾರೋ ಅಂತ ಯೋಚನೆ ಬಂತು.

ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ಅದೇ ಪ್ರಶ್ನೆ ಬಂದರೆ, ಈ ಪುಟ ತೆಗೆದು ಓದು.

ಇನ್ನೂ ಎರಡು ಮಾತು ಹೇಳಿದ್ದರು. ರಕ್ತ ಹೋಗುವುದು ಒಂದೆರಡು ವಾರ ಇರಬಹುದು, ದಿನಾ ಕಡಿಮೆಯಾಗುತ್ತಾ ಬರಬೇಕು. ಗಂಟೆಗೆ ಎರಡು ಪ್ಯಾಡ್ ತೊಯ್ದು, ಹಾಗೇ ಎರಡು ಗಂಟೆ ಆದರೆ, ಅಥವಾ ಜ್ವರ, ಕೆಟ್ಟ ವಾಸನೆ, ತಡೆಯಲಾರದ ನೋವು ಬಂದರೆ ಕಾಯಬೇಡ. ಹೊತ್ತು ನೋಡಬೇಡ, ನನ್ನನ್ನು ಎಬ್ಬಿಸು. ಮಂಗಳವಾರ ಫೋನ್ ಮಾಡಿ ಮಂಜು ಐದು ಸಲ "ಸಾರಿ ಅಕ್ಕ" ಅಂದ. ಈ ಸಲ ಅದನ್ನು ಬಿಟ್ಟು ನೇರ ವಿಷಯಕ್ಕೆ ಬನ್ನಿ.

ಆಫೀಸಿನ ವಿಷಯ. ಸೋಮವಾರವೇ ಹೋಗುತ್ತೇನೆ ಅಂದೆಯಲ್ಲ, ರಜೆಯೇ ಉಳಿದಿಲ್ಲ ಅಂತ. ನಿನಗೆ ಅದು ಬೇಕಾಗಿಯೇ ಹೋಗುವುದಾದರೆ ಹೋಗು. ಕೆಲವರಿಗೆ ಮನೆಯ ಗೋಡೆಗಳೇ ಕಷ್ಟ. ರಜೆ ಇಲ್ಲ ಅಂತ ಹೋಗುವುದು ಮಾತ್ರ ಬೇಡ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಇದಕ್ಕೂ ಸಂಬಳದ ಜೊತೆ 6 ವಾರ ರಜೆ ಇದೆ. ಹಿಂದಿನ ಒಂದು ವರ್ಷದಲ್ಲಿ 80 ದಿನ ಕೆಲಸ ಮಾಡಿರಬೇಕು. ನೀನು ಅಲ್ಲಿ ಸೇರಿ ಮೂರು ವರ್ಷವಾಯಿತು, ಅಲ್ವಾ? ಡಾಕ್ಟರ ಸರ್ಟಿಫಿಕೇಟ್ ಎಚ್‌ಆರ್‌ಗೆ ಕೊಟ್ಟರೆ ಸಾಕು. ನಿನ್ನ ಟೀಮಿನವರಿಗೆ ಏನೂ ಹೇಳಬೇಕಾಗಿಲ್ಲ. ನಾನು ಇಪ್ಪತ್ತೆರಡು ವರ್ಷ ಸಂಬಳದ ಸೆಕ್ಷನ್ನಿನಲ್ಲಿ ಕೂತವಳು, ಈ ಅರ್ಜಿಗಳು ನನ್ನ ಟೇಬಲ್ ದಾಟಿಯೇ ಹೋಗುತ್ತಿದ್ದವು. ಬರೆಯಲು ಕೈ ಬರದಿದ್ದರೆ ಹೇಳು, ನಾಲ್ಕು ಸಾಲಿನಲ್ಲಿ ಬರೆದುಕೊಡುತ್ತೇನೆ.

ಮಂಜು, ಈಗ ನಿನಗೆ. ಮಂಗಳವಾರದಿಂದ ಎಲ್ಲರೂ, ಅಂದರೆ ನಾನು ಮತ್ತು ಡಾಕ್ಟರಮ್ಮ, ನಿನ್ನ ಹತ್ತಿರ ಕೇಳಿದ್ದು "ವೀಣಾ ಹೇಗಿದ್ದಾಳೆ" ಅಂತ ಮಾತ್ರ. ನೀನೂ ಚೆನ್ನಾಗಿ ಉತ್ತರ ಕೊಟ್ಟೆ. ಬಿಲ್ ಕಟ್ಟಿದೆ, ಮಾತ್ರೆ ತಂದೆ, ಆಟೋದವನಿಗೆ ಹಳ್ಳ ನೋಡಿ ನಿಧಾನ ಹೋಗು ಅಂದೆ. ಬುಧವಾರ ಬೆಳಿಗ್ಗೆ ಕಸದ ಬುಟ್ಟಿ ಹೊರಗಿಡಲು ಬಂದವನು ಬುಟ್ಟಿ ಹಿಡಿದುಕೊಂಡೇ ತುಂಬಾ ಹೊತ್ತು ನಿಂತಿದ್ದೆ. ನಾನು ಜಾಲರಿ ಬಾಗಿಲಿನಿಂದ ನೋಡಿದೆ, ಕರೆಯಲಿಲ್ಲ. ಕರೆಯಬೇಕಿತ್ತು ಅನಿಸುತ್ತಿದೆ. ಕಡಲೆಕಾಳು ತೋರಿಸಿದವನು ನೀನು. ನಿನಗೂ ಹೋಗಿದೆ. ಸಂಜೆ ಬರುವಾಗ ಐದು ನಿಮಿಷ ನಮ್ಮ ಮನೆಯಲ್ಲಿ ಕೂತು ಚಹಾ ಕುಡಿದು ಹೋಗಬೇಕು ಅನಿಸಿದರೆ, ಆರು ಗಂಟೆಯಿಂದ ಬಾಗಿಲು ತೆರೆದೇ ಇರುತ್ತದೆ. ಮಾತಾಡಬೇಕು ಅಂತಿಲ್ಲ. ನಮ್ಮವರು ಕ್ರಿಕೆಟ್ ಹಾಕಿಕೊಂಡು ಕೂತಿರುತ್ತಾರೆ, ಅವರಿಗೆ ಯಾರ ಮಾತೂ ಬೇಕಾಗಿಲ್ಲ.

ಅವರಿಗೂ ನಾನು ಹೇಳಿಲ್ಲ. ವೀಣಾಗೆ ಹೊಟ್ಟೆನೋವು ಬಂತು, ಜೊತೆಗೆ ಹೋದೆ, ಅಷ್ಟೇ. ಇಲ್ಲೊಂದು ಎಡವಟ್ಟಾಗಿದೆ, ಹೇಳಿಬಿಡುತ್ತೇನೆ. ಎರಡನೇ ಮಾಳಿಗೆಯ ಮಾವಶಿ ಕೇಳಿದಾಗ ನಾನು "ಹೊಟ್ಟೆ ಕೆಟ್ಟಿದೆ" ಅಂದೆ. ಮಂಜು ಅವರಿಗೇ "ಜ್ವರ" ಅಂದಿದ್ದಾನಂತೆ. ಈಗ ಮಾವಶಿಯ ಲೆಕ್ಕದಲ್ಲಿ ಎರಡೂ ಇದೆ, ಟೈಫಾಯ್ಡ್ ಇರಬಹುದು ಅಂತ ಆಚೆ ಈಚೆ ಹೇಳುತ್ತಿದ್ದಾರೆ. ಹಾಗೇ ಇರಲಿ ಬಿಡಿ. ಟೈಫಾಯ್ಡ್ ಅಂದರೆ ಜನ ಎರಡು ವಾರ ದೂರ ಇರುತ್ತಾರೆ.

ಊರಿಗೆ ಹೇಳುವುದು, ಬಿಡುವುದು ನಿಮ್ಮಿಷ್ಟ. ಗಣಪತಿಗೆ ಹಾವೇರಿಗೆ ಹೋದಾಗ ಅಮ್ಮನ ಎದುರು ನಿಂತೇ ಹೇಳಬೇಕು, ಫೋನಿನಲ್ಲಿ ಅಲ್ಲ ಅಂತ ವೀಣಾ ಅಂದುಕೊಂಡಿದ್ದಳು. ಸಂತೋಷದ ಸುದ್ದಿಯೇ ಹೇಳಿರಲಿಲ್ಲ, ಈಗ ಇದನ್ನು ಹೇಗೆ ಹೇಳಲಿ ಅಂತ ಅನಿಸಬಹುದು. ಹೇಳಿದರೆ ತಪ್ಪಲ್ಲ, ಹೇಳದಿದ್ದರೆ ಮೋಸವಲ್ಲ. ಹಬ್ಬದ ಮನೆಯಲ್ಲಿ ಯಾರಾದರೂ "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಅಂತ ಕೇಳಿಯೇ ಕೇಳುತ್ತಾರೆ. ನನಗೆ ಈಗಲೇ ಅವರ ಮೇಲೆ ಸಿಟ್ಟು ಬರುತ್ತಿದೆ. ಈ ವರ್ಷ ಹೋಗಲೇಬೇಕು ಅಂತೇನಿಲ್ಲ. ರಿಸರ್ವೇಷನ್ ಸಿಗಲಿಲ್ಲ ಅಂದರೆ ಮುಂಬೈಯಲ್ಲಿರುವವರನ್ನು ಯಾರೂ ಅನುಮಾನಿಸುವುದಿಲ್ಲ.

ನನಗೆ ಹೀಗಾಗಿಲ್ಲ ವೀಣಾ. ಅದಕ್ಕೆ "ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ" ಅಂತ ಬರೆಯುವುದಿಲ್ಲ. ಮುಂದೆ ಎಲ್ಲ ಒಳ್ಳೆಯದಾಗುತ್ತದೆ, ವಯಸ್ಸು ಚಿಕ್ಕದು ಅಂತಲೂ ಬರೆಯುವುದಿಲ್ಲ. ಆ ಮಾತಿಗೆ ಕೈ ಎರಡು ಸಲ ಹೋಯಿತು, ಹಿಂದಕ್ಕೆ ತೆಗೆದೆ. ನಿಮಗೆ ಬೇಕಾಗಿದ್ದದ್ದು ಈ ಮಗು.

ಡಾಕ್ಟರಮ್ಮ ಕೊಟ್ಟ ತಾರೀಖು ಶಿವರಾತ್ರಿಯ ಆಸುಪಾಸು ಇತ್ತು. ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಹೊಸದು ಬಂದಾಗ ಆ ದಿನ ನನಗೆ ನೆನಪಿರುತ್ತದೆ. ನಾನಾಗಿ ಮಾತು ತೆಗೆಯುವುದಿಲ್ಲ. ನೀವು ಬಂದು ಕೂತರೆ ಯಾಕೆ ಬಂದಿರಿ ಅಂತ ಕೇಳುವುದೂ ಇಲ್ಲ.

ಮೇಲಿನ ಡಬ್ಬಿಯಲ್ಲಿ ಅನ್ನ, ನಡುವೆ ತಿಳಿಸಾರು, ಕೆಳಗೆ ಶುಂಠಿ ತಂಬುಳಿ. ತಂಬುಳಿ ಬಿಸಿ ಮಾಡಬೇಡಿ, ಒಡೆಯುತ್ತದೆ. ಒಗ್ಗರಣೆ ಹಾಕಿಲ್ಲ, ಆ ವಾಸನೆ ಈಗ ಬೇಡ ಅನಿಸಿತು. ಡಬ್ಬಿ ತೊಳೆಯಬೇಡಿ. ಖಾಲಿ ಡಬ್ಬಿ ಕೊಡಬಾರದು ಅಂತ ತಳದಲ್ಲಿ ಸಕ್ಕರೆ ಹಾಕುವುದೂ ಬೇಡ. ಹಾಗೇ ಬಾಗಿಲ ಹೊರಗೆ ಇಟ್ಟರೆ ನಾಳೆ ಬೆಳಿಗ್ಗೆ ಹಾಲು ತರುವಾಗ ತೆಗೆದುಕೊಂಡು ಹೋಗಿ, ತುಂಬಿಸಿ ತರುತ್ತೇನೆ.

ಈ ಪತ್ರಕ್ಕೆ ಉತ್ತರ ಬರೆಯಬೇಡಿ.

ನಿಮ್ಮ
ಶಾರದಕ್ಕ

ಮತ್ತೆ ನೆನಪಾಯಿತು: ನೀವು ಊರಿಗೆ ಹೋದಾಗ ಕೊಟ್ಟಿದ್ದ ಇನ್ನೊಂದು ಕೀಲಿ ನನ್ನ ಹತ್ತಿರವೇ ಇದೆ. ಅದನ್ನು ಬಳಸಿ ಒಳಗೆ ಬರುವುದಿಲ್ಲ, ನೀವು ಕರೆದರೆ ಮಾತ್ರ.