ಎಂಟನೇ ತರಗತಿ ‘ಬಿ’ ವಿಭಾಗ: ಕಿರುಕುಳ ಘಟನೆಗಳ ದಾಖಲೆ ಪುಸ್ತಕ, 2025–26

‘ಬಿ’ ವಿಭಾಗಕ್ಕೆ ಪಾಠ ಮಾಡುವ ಎಲ್ಲ ಶಿಕ್ಷಕರ ಗಮನಕ್ಕೆ

ಘಟನೆ ಯಾರ ಕಣ್ಣಿಗೆ ಬಿತ್ತೋ ಅವರೇ ಬರೆಯಬೇಕು, ಅದೂ ಅಂದೇ, ಮನೆಗೆ ಹೊರಡುವ ಮೊದಲು. ಮಕ್ಕಳ ಹೆಸರು ಬೇಡ, ಹಾಜರಿ ಸಂಖ್ಯೆ ಸಾಕು. ಹೆಸರಿನ ಪಟ್ಟಿ ಹೆಚ್.ಎಂ. ಅವರ ಬೀರುವಿನಲ್ಲಿದೆ. ಈ ಪುಸ್ತಕ ಸ್ಟಾಫ್‌ರೂಮಿನ ಮೇಜಿನ ಮೇಲೆ ಬಿದ್ದಿರಬಾರದು.

ಕಂಡದ್ದು, ಕೇಳಿದ್ದು, ನಿಮಗನಿಸಿದ್ದು ಈ ಮೂರನ್ನೂ ಬೆರೆಸಬೇಡಿ. ಮಕ್ಕಳ ಬಾಯಿಂದ ಬಂದ ಮಾತನ್ನು ಇದ್ದ ಹಾಗೇ ಬರೆಯಿರಿ, ಎಷ್ಟೇ ಕೆಟ್ಟದಾಗಿದ್ದರೂ. ‘ಅವಾಚ್ಯವಾಗಿ ಬೈದ’ ಎಂದಷ್ಟೇ ಬರೆದರೆ ಮೂರು ತಿಂಗಳ ನಂತರ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ರೌಡಿ’, ‘ಪುಕ್ಕಲ’ ಎಂಬ ಪದಗಳು ಇಲ್ಲಿ ಬರಕೂಡದು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿ. ವೈಟ್ನರ್ ಹಚ್ಚಬೇಡಿ, ಹಾಳೆ ಹರಿಯಬೇಡಿ.

ಜಾತಿ ಹಿಡಿದು ಬೈದಿದ್ದರೆ ಆ ಮಾತನ್ನು ಬರೆದು ಕೂಡಲೇ ಹೆಚ್.ಎಂ. ಅವರಿಗೆ ತಿಳಿಸಿ. ಲೈಂಗಿಕ ಸ್ವರೂಪದ್ದೇನಾದರೂ ಕಂಡರೆ ಬರೆದಿಟ್ಟು ಕಾಯುವಂತಿಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

— ತರಗತಿ ಶಿಕ್ಷಕಿ (ಕನ್ನಡ)

07-07-2025, ಸೋಮವಾರ, 2ನೇ ಪಿರಿಯಡ್, ತರಗತಿ ಕೋಣೆ

ನಾನೇ ಕಂಡದ್ದು. ಪದ್ಯ ಓದಲು 31ನೇ ಸಂಖ್ಯೆಯ ಹುಡುಗನನ್ನು ಎಬ್ಬಿಸಿದೆ. ಅವನಿಗೆ ಮಾತು ತೊದಲುತ್ತದೆ. ಮೂರನೇ ಸಾಲಿನಲ್ಲಿ ಮಾತು ತಡೆಯಿತು. ಕೊನೆಯ ಬೆಂಚಿನಿಂದ 9: “ಕರೆಂಟ್ ಹೋಯ್ತು ಕಣ್ರೋ.” 14 ಮತ್ತು 22 ಜೋರಾಗಿ ನಕ್ಕರು, ಅವರ ಹಿಂದೆ ಇನ್ನೂ ಹಲವರು. 31 ಪುಸ್ತಕ ಮುಚ್ಚಿ ಕುಳಿತ, ಪಿರಿಯಡ್ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಮಾಡಿದ್ದು: ನಗು ನಿಲ್ಲಿಸಿದೆ. ಪಿರಿಯಡ್ ಮುಗಿದ ಮೇಲೆ 9ನ್ನು ಒಬ್ಬನನ್ನೇ ಕರೆದು ಕೇಳಿದೆ. ಅವನ ಉತ್ತರ: “ತಮಾಷೆಗಂದೆ ಮಿಸ್, ಅವ್ನೂ ನಗ್ತಾನೆ.” 31 ನಕ್ಕದ್ದನ್ನು ನಾನು ಕಂಡಿಲ್ಲ.

10-07-2025, ಗುರುವಾರ, 1ನೇ ಪಿರಿಯಡ್ (ಗಣಿತ ಶಿಕ್ಷಕರ ಬರಹ)

ಹಾಜರಿ ಕೂಗಿದಾಗ 31 “ಯೆಸ್ ಸಾರ್” ಎನ್ನಲಿಲ್ಲ, ಕೈ ಎತ್ತಿದ. ಕಾರಣ ಕೇಳಿದೆ, ಹೇಳಲಿಲ್ಲ. 22: “ಕರೆಂಟ್ ಇಲ್ಲ ಸಾರ್.” 22ಕ್ಕೆ ಎಚ್ಚರಿಕೆ ಕೊಟ್ಟೆ.

(ನನ್ನ ಸೇರ್ಪಡೆ, ಅದೇ ದಿನ: ಸೋಮವಾರ 9 ಆಡಿದ ಮಾತೇ ಈಗ 22ರ ಬಾಯಲ್ಲಿದೆ. ಕೈ ಎತ್ತಿದರೂ ಹಾಜರಿ ಹಾಕಿ ಎಂದು ಎಲ್ಲ ಶಿಕ್ಷಕರಿಗೂ ತಿಳಿಸಿದ್ದೇನೆ.)

15-07-2025, ಮಂಗಳವಾರ, ಬಿಸಿಯೂಟದ ಹೊತ್ತು, ಕೈ ತೊಳೆಯುವ ನಲ್ಲಿಗಳ ಬಳಿ

ನಾನು ಕಂಡಿಲ್ಲ. 1:40ಕ್ಕೆ 27 ಬಂದು ಹೇಳಿದಳು. ನಾನು ಹೋದಾಗ 31 ನೆಲದ ಮೇಲೆ ಕುಳಿತಿದ್ದ. ತಟ್ಟೆ ಮಗುಚಿ ಬಿದ್ದಿತ್ತು, ಅನ್ನ ಸಾರು ಚೆಲ್ಲಿತ್ತು. ಎಡ ಮೊಣಕೈ ಹೊರಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಅಗಲ ಚರ್ಮ ತರಚಿ ರಕ್ತ ಬಂದಿತ್ತು. ತೊಳೆದು ಮುಲಾಮು ಹಚ್ಚಿ, ಬೇರೆ ತಟ್ಟೆಯಲ್ಲಿ ಊಟ ಹಾಕಿಸಿದೆ.

ನೋಡಿದವರಿಬ್ಬರನ್ನೂ ಬೇರೆ ಬೇರೆಯಾಗಿ ಕರೆದು “ಏನಾಯ್ತು?”, “ಆಮೇಲೆ?” ಎಂದು ಮಾತ್ರ ಕೇಳಿದೆ. ‘9 ತಳ್ಳಿದನಾ’ ಎಂದು ನಾನಾಗಿ ಕೇಳಲಿಲ್ಲ.

27: “ಮೂರು ಜನ ಅಡ್ಡ ನಿಂತ್ಕೊಂಡ್ರು ಮಿಸ್. ನಿನ್ನೆಸ್ರು ಒಂದೇ ಉಸ್ರಲ್ಲಿ ಹೇಳು, ಬಿಡ್ತೀವಿ ಅಂದ 9. ಇವ್ನು ಹೇಳೋಕ್ ಹೋದ, ಆಗ್ಲಿಲ್ಲ. 9 ತಳ್ದ.”

5: “ತಟ್ಟೆ ಎಳೆದಾಡ್ತಿದ್ರು. ಯಾರು ತಳ್ಳಿದ್ರೋ ನೋಡ್ಲಿಲ್ಲ. ಹೆಸ್ರು ಹೇಳು ಅಂದಿದ್ದು ಕೇಳಿಸ್ತು.”

ತಳ್ಳಿದ್ದು ಯಾರೆಂಬುದರಲ್ಲಿ ಇಬ್ಬರ ಮಾತು ಹೊಂದುವುದಿಲ್ಲ, ಹೆಸರು ಹೇಳಿಸಿದ್ದರಲ್ಲಿ ಹೊಂದುತ್ತದೆ. ಎರಡನ್ನೂ ಹಾಗೇ ಇಟ್ಟಿದ್ದೇನೆ. 31ನ್ನು ಊಟದ ನಂತರ ಲೈಬ್ರರಿಯಲ್ಲಿ ಕೂರಿಸಿ ಹಾಳೆ, ಪೆನ್ನು ಕೊಟ್ಟೆ. ಬಾಯಲ್ಲಿ ಹೇಳು ಎನ್ನಲಿಲ್ಲ. ಅವನು ಬರೆದುಕೊಟ್ಟ ಎಂಟು ಸಾಲಿನ ಹಾಳೆಯನ್ನು ಎದುರು ಪುಟಕ್ಕೆ ಅಂಟಿಸಿದೆ. ಅದರಲ್ಲಿ ಕೊನೆಯ ಸಾಲು: “ಜೂನ್‌ನಿಂದ ದಿನಾ ಹೀಗೇ, ನಲ್ಲಿ ಹತ್ರ.”

9, 14, 22 ಮೂವರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಮೂವರೂ “ನಾವೇನೂ ಮಾಡಿಲ್ಲ” ಎಂದರು. ಹೆಚ್.ಎಂ. ಅವರಿಗೆ 2:15ಕ್ಕೆ ಬಾಯಿಮಾತಿನಲ್ಲಿ, 4:00ಕ್ಕೆ ಬರಹದಲ್ಲಿ ತಿಳಿಸಿದೆ. ಇಂದಿನಿಂದ ಬಿಸಿಯೂಟದ ಹೊತ್ತಿನಲ್ಲಿ ನಲ್ಲಿಗಳ ಬಳಿ ಒಬ್ಬ ಶಿಕ್ಷಕರು ನಿಲ್ಲಬೇಕೆಂದು ಕೇಳಿದ್ದೇನೆ.

16-07-2025, ಬುಧವಾರ, ಬೆಳಿಗ್ಗೆ ಪ್ರಾರ್ಥನೆಯ ನಂತರ, ಮೈದಾನ

ನಾನೇ ಕಂಡದ್ದು. ನಿನ್ನೆಯ ವಿಷಯಕ್ಕೆ ಸಹೋದ್ಯೋಗಿಯೊಬ್ಬರು 9ನ್ನು ಎಲ್ಲರೆದುರು ಮಂಡಿಯೂರಿಸಿದರು. ನಾನು ಹೋಗಿ ಎಬ್ಬಿಸಿದೆ. ಇದನ್ನೂ ಇಲ್ಲಿ ಬರೆಯಲೇಬೇಕು. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ನಿಷೇಧಿಸಿದೆ. ಆ ರಕ್ಷಣೆ 31ಕ್ಕೆ ಎಷ್ಟೋ 9ಕ್ಕೂ ಅಷ್ಟೇ. ಹೆಚ್.ಎಂ. ಅವರಿಗೆ ಅಂದೇ ಬರಹದಲ್ಲಿ ತಿಳಿಸಿದೆ.

ಕೇಳಿದ್ದು (27ರಿಂದ, 4:20ಕ್ಕೆ): ಗೇಟಿನ ಬಳಿ 9, 31ಕ್ಕೆ “ನಿನ್ನಿಂದ ನಂಗೆ ಮರ್ಯಾದೆ ಹೋಯ್ತು, ನೋಡ್ಕತೀನಿ” ಎಂದನಂತೆ.

17, 18, 19-07-2025

31 ಮೂರು ದಿನವೂ ಗೈರು. 18ರಂದು ಸಂಜೆ ತಾಯಿಗೆ ಫೋನ್ ಮಾಡಿದೆ. “ಹೊಟ್ಟೆನೋವು ಅಂತಾನೆ ಮಿಸ್. ಭಾನುವಾರ ಮಾತ್ರ ಚೆನ್ನಾಗೇ ಇರ್ತಾನೆ” ಎಂದರು. ಜೂನ್‌ನ ಹಾಜರಿ ನೋಡಿದೆ: ಒಂದು ದಿನವೂ ತಪ್ಪಿಸಿರಲಿಲ್ಲ.

21-07-2025, ಸೋಮವಾರ

31 ಬಂದಿದ್ದಾನೆ. ಬೆಳಿಗ್ಗೆ 9:30ಕ್ಕೆ ಬೇರೊಬ್ಬ ವಿದ್ಯಾರ್ಥಿನಿಯ ತಂದೆ ಬಂದು ತಮ್ಮ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಟ್ಯೂಷನ್ ಮಕ್ಕಳ ವಾಟ್ಸ್‌ಆ್ಯಪ್ ಗುಂಪಿಗೆ 19ರಂದು ರಾತ್ರಿ 8:52ಕ್ಕೆ ಬಂದದ್ದು, 41 ಸೆಕೆಂಡ್. ನಲ್ಲಿಗಳ ಬಳಿ 31 ತನ್ನ ಹೆಸರು ಹೇಳಲು ತಡವರಿಸುತ್ತಿದ್ದಾನೆ. ಒಂದು ಧ್ವನಿ “ಇನ್ನೊಂದ್ಸಲ, ಇನ್ನೊಂದ್ಸಲ” ಎನ್ನುತ್ತದೆ. ಕೈಯೊಂದು ಅವನ ಕಾಲರ್ ಹಿಡಿದಿದೆ. ಆ ಕೈ ಯಾರದೆಂದು ಕಾಣುವುದಿಲ್ಲ. ಧ್ವನಿ 9ರದ್ದು ಎಂದು ನನಗನಿಸಿತು. ಅನಿಸಿತು ಎಂದಷ್ಟೇ ಬರೆಯುತ್ತೇನೆ.

ವಿಡಿಯೊವನ್ನು ನನ್ನ ಫೋನಿಗೆ ತರಿಸಿಕೊಂಡಿಲ್ಲ, ಯಾರಿಗೂ ಕಳುಹಿಸಿಲ್ಲ. ಅಳಿಸಬೇಡಿ, ಮುಂದಕ್ಕೆ ಕಳಿಸಬೇಡಿ ಎಂದು ಆ ತಂದೆಗೆ ಹೇಳಿದೆ. ಹೆಚ್.ಎಂ. ಅದೇ ಫೋನಿನಲ್ಲಿ ನೋಡಿ ಇಲ್ಲಿ ಸಹಿ ಮಾಡಿದ್ದಾರೆ.

24-07-2025, ಗುರುವಾರ, 3:00, ಹೆಚ್.ಎಂ. ಕೊಠಡಿ

31ರ ತಾಯಿಯನ್ನು 2:00ಕ್ಕೆ, 9ರ ತಂದೆಯನ್ನು 3:00ಕ್ಕೆ ಬೇರೆ ಬೇರೆಯಾಗಿ ಕರೆಸಿದೆವು. ಎಸ್‌ಡಿಎಂಸಿ ಅಧ್ಯಕ್ಷರು ಹಾಜರಿದ್ದರು.

9ರ ತಂದೆ: “ಹುಡುಗ್ರು ಅಂದ್ಮೇಲೆ ಇದ್ದಿದ್ದೇ ಮೇಡಂ. ಒಂದ್ಸಲ ಏನೋ ಅಂದಿರ್ತಾನೆ.” ಹೆಚ್.ಎಂ. ಈ ಪುಸ್ತಕದಿಂದ 7, 15, 16 ಮತ್ತು 21ರ ಬರಹಗಳನ್ನು ಬೇರೆ ಮಕ್ಕಳ ಸಂಖ್ಯೆ ಬಿಟ್ಟು ಓದಿದರು. ಮಗನನ್ನು ಮಂಡಿಯೂರಿಸಿದ್ದನ್ನೂ ಬಿಡಲಿಲ್ಲ. ಆಮೇಲೆ ತಂದೆ “ಒಂದ್ಸಲ” ಎನ್ನಲಿಲ್ಲ. ವಿಡಿಯೊ ತೆಗೆದದ್ದು ದೊಡ್ಡ ಮಗನ ಫೋನಿನಲ್ಲಿ ಎಂದು ಅವರೇ ಹೇಳಿದರು.

31ರ ತಾಯಿ ಕೇಳಿದ್ದು ಒಂದೇ: “ಅವ್ನು ಊಟ ಮಾಡ್ಕೊಂಡ್ ಬರೋ ಹಂಗಾದ್ರೆ ಸಾಕು.” ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತೊದಲಿಗೆ ಚಿಕಿತ್ಸೆ ಇದೆ ಎಂದು ತಿಳಿಸಿದೆ. ಆದರೆ ಅದು ಮಗನಿಗೆ ಬೇಕೆನಿಸಿದರೆ ಮಾತ್ರ, ಈ ಕಿರುಕುಳಕ್ಕೆ ಪರಿಹಾರವೆಂದು ಅಲ್ಲ ಎಂದೂ ಹೇಳಿದೆ.

ತೀರ್ಮಾನಗಳು: ನಲ್ಲಿಗಳ ಬಳಿ ದಿನಕ್ಕೊಬ್ಬ ಶಿಕ್ಷಕರು, 25ರಿಂದ (ಹೊಣೆ: ಹೆಚ್.ಎಂ.). 9, 14, 22 ಬೇರೆ ಬೇರೆ ಬೆಂಚು (ಹೊಣೆ: ನಾನು). ವಿಡಿಯೊ ಗುಂಪಿನಿಂದ ತೆಗೆಸುವುದು, ನೋಡಿದ ದಿನ ಸಮಯ ಬರೆದಿಟ್ಟ ಮೇಲೆ (ಹೊಣೆ: 9ರ ತಂದೆ, 25ರ ಸಂಜೆಯೊಳಗೆ). 9ರೊಂದಿಗೆ ವಾರಕ್ಕೊಮ್ಮೆ ನಾನು ಕೂತು ಮಾತನಾಡುವುದು. ಅವನನ್ನು ಶಾಲೆಯಿಂದ ದೂರ ಮಾಡುವ ಉದ್ದೇಶ ನಮ್ಮಲ್ಲಿ ಯಾರಿಗೂ ಇಲ್ಲ. ಮತ್ತೆ ನಡೆದರೆ ಈ ಪುಟಗಳ ನಕಲಿನೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪತ್ರ.

ಓದಿ ಹೇಳಿ ಸಹಿ ಪಡೆದದ್ದು: ತಾಯಿ 2:50, ತಂದೆ 4:05. ಮುಂದಿನ ಪರಿಶೀಲನೆ 11-08-2025, ಸೋಮವಾರ, 3:00.